ಎಸ್ಟಿಮೇಟ್‌ನಲ್ಲಿ ‘ಅನಿರೀಕ್ಷಿತ ವೆಚ್ಚ’ ಎಂದಿದ್ದರೆ ಅದು ಮೋಸವೇ?

ಮನೆ ಕಟ್ಟಿಸುವವರಿಗೆ ಸಲಹೆ ಕೊಡುವ ಸಂದೇಶಗಳಲ್ಲಿ ಒಂದು ಮಾತು ಆಗಾಗ ಕಾಣಿಸುತ್ತದೆ: ‘ಎಸ್ಟಿಮೇಟ್‌ನ ಕೊನೆಯಲ್ಲಿ ಅನಿರೀಕ್ಷಿತ ವೆಚ್ಚ 10% ಅಂತ ಇದ್ದರೆ ಮೊದಲು ಅದನ್ನು ಹೊಡೆದು ಹಾಕಿ, ಅದು ಕಂಟ್ರಾಕ್ಟರ್ ಜೇಬಿಗೆ ಹೋಗುವ ದುಡ್ಡು.’ ಈ ಮಾತು ಅರ್ಧ ನಿಜ. ಕಾರಣವಿಲ್ಲದೆ ಬರೆದ 10% ಅನುಮಾನಕ್ಕೆ ಯೋಗ್ಯವೇ. ಆದರೆ ಆ ಸಾಲನ್ನೇ ಹೊಡೆದು ಹಾಕಿದರೆ ಖರ್ಚು ಕಡಿಮೆಯಾಗುವುದಿಲ್ಲ. ಪಾಯ ತೋಡುವ ದಿನ ಸಾಲಕ್ಕಾಗಿ ಓಡಾಡಬೇಕಾಗುತ್ತದೆ, ಅಷ್ಟೇ.

ಈ ಹಣವನ್ನು ಇಂಗ್ಲಿಷ್‌ನಲ್ಲಿ ಕಂಟಿಂಜೆನ್ಸಿ ಎನ್ನುತ್ತಾರೆ. ನಮ್ಮ ಸರ್ಕಾರಿ ಕಚೇರಿಗಳಲ್ಲಿ ‘ಸಾದಿಲ್ವಾರು’ ಎಂಬ ಹಳೆಯ ಪದವಿದೆ. ಕಾಗದ, ಪೆನ್ನು, ಅತಿಥಿಗಳ ಕಾಫಿ ಎಲ್ಲವೂ ಅದರಡಿ ಬರುವುದರಿಂದ ‘ಇತರೆ ಖರ್ಚು’ ಎಂದರೆ ಲೆಕ್ಕ ಕೊಡಬೇಕಿಲ್ಲದ ದುಡ್ಡು ಎಂಬ ಭಾವನೆ ಬಂದಿರಬಹುದು. ಕಟ್ಟಡದ ಲೆಕ್ಕದಲ್ಲಿ ಇದರ ಅರ್ಥ ಬೇರೆ. ಕೇಂದ್ರ ಲೋಕೋಪಯೋಗಿ ಇಲಾಖೆಯ ಕಾಮಗಾರಿ ಅಂದಾಜುಗಳಲ್ಲೂ ಸಾಮಾನ್ಯವಾಗಿ ಶೇ. 3ರಷ್ಟು ಮೊತ್ತ ಇದಕ್ಕೆಂದೇ ಇರುತ್ತದೆ.

‘ಎಲ್ಲವನ್ನೂ ಸರಿಯಾಗಿ ಲೆಕ್ಕ ಹಾಕಿದ್ದರೆ ಹೆಚ್ಚುವರಿ ಏಕೆ ಬೇಕು?’ ಎಂದು ನೀವು ಕೇಳಬಹುದು. ಕೆನಡಾದಲ್ಲಿ ಮನಶ್ಶಾಸ್ತ್ರಜ್ಞರು ಅಂತಿಮ ವರ್ಷದ ವಿದ್ಯಾರ್ಥಿಗಳನ್ನು, ನಿಮ್ಮ ಪ್ರಬಂಧ ಮುಗಿಸಲು ಎಷ್ಟು ದಿನ ಬೇಕು ಎಂದು ಕೇಳಿದ ಅಧ್ಯಯನವೊಂದು 1994ರಲ್ಲಿ ಪ್ರಕಟವಾಯಿತು. ಅವರ ಅಂದಾಜಿನ ಸರಾಸರಿ ಸುಮಾರು 34 ದಿನ. ಎಲ್ಲವೂ ಕೆಟ್ಟರೆ ಎಷ್ಟು ದಿನ ಎಂದಾಗ ಸುಮಾರು 49 ಎಂದರು. ನಿಜಕ್ಕೂ ಹಿಡಿದದ್ದು ಸುಮಾರು 55 ದಿನ. ಅಂದರೆ ಕೆಟ್ಟ ಪರಿಸ್ಥಿತಿಯನ್ನು ಊಹಿಸಲು ಹೇಳಿದಾಗಲೂ ನಾವು ಕಡಿಮೆಯೇ ಊಹಿಸುತ್ತೇವೆ. ಅದಕ್ಕೇ ಶೇಕಡಾವಾರನ್ನು ಮನಸ್ಸಿಗೆ ತೋಚಿದಂತೆ ಹಾಕಬಾರದು. ಯಾವ ಕೆಲಸದ ಬಗ್ಗೆ ನಮಗೆ ಎಷ್ಟು ಗೊತ್ತಿದೆ ಎಂಬುದರ ಮೇಲೆ ಅದನ್ನು ಹಾಕಬೇಕು.

ಒಂದು ಲೆಕ್ಕ ಮಾಡಿ ನೋಡೋಣ. 30x40 ಸೈಟಿನಲ್ಲಿ ಒಂದೇ ಮಹಡಿಯ ಮನೆ, ಒಟ್ಟು ಅಂದಾಜು 22 ಲಕ್ಷ ಎಂದಿಟ್ಟುಕೊಳ್ಳಿ. ಈ ಅಂಕಿಗಳು ಉದಾಹರಣೆಗೆ ಮಾತ್ರ, ನಿಮ್ಮ ಊರಿನ ದರ ಬೇರೆ ಇರುತ್ತದೆ. ಪಾಯಕ್ಕೆ 3.5 ಲಕ್ಷ, ಗೋಡೆ ಮತ್ತು ಆರ್‌ಸಿಸಿಗೆ 8.5 ಲಕ್ಷ, ವಯರಿಂಗ್ ಮತ್ತು ಪ್ಲಂಬಿಂಗ್‌ಗೆ 2.5 ಲಕ್ಷ, ನೆಲ, ಬಾಗಿಲು, ಬಣ್ಣಕ್ಕೆ 5.5 ಲಕ್ಷ, ಬೋರ್‌ವೆಲ್‌ಗೆ 2 ಲಕ್ಷ.

ಇವುಗಳಲ್ಲಿ ನೆಲದ ಮೇಲೆ ಆಗುವ ಕೆಲಸಕ್ಕೆ ನಕ್ಷೆ ಇದೆ, ಅಳತೆ ಇದೆ. ತಪ್ಪಿದರೂ ಹೆಚ್ಚು ತಪ್ಪದು. ಹಾಗಾಗಿ ಗೋಡೆ ಮತ್ತು ಆರ್‌ಸಿಸಿಗೆ 4%, ಅಂದರೆ 34,000 ಸಾಕು. ವಯರಿಂಗ್ ಮತ್ತು ಪ್ಲಂಬಿಂಗ್‌ಗೆ 5% ಎಂದರೆ 12,500, ನೆಲ ಮತ್ತು ಬಣ್ಣಕ್ಕೆ 5% ಎಂದರೆ 27,500.

ನೆಲದ ಕೆಳಗಿನ ಕಥೆ ಹಾಗಲ್ಲ. ನಾವು ಅಂದಾಜು ಮಾಡಿದ ಆಳಕ್ಕೆ ಗಟ್ಟಿ ನೆಲ ಸಿಗದೆ ತುಂಬುಮಣ್ಣೋ ಎರೆಮಣ್ಣೋ ಬಂದರೆ ಇನ್ನೂ ಕೆಳಗೆ ಇಳಿಯಬೇಕು. ಎರೆಮಣ್ಣು ನೀರು ಕುಡಿದಾಗ ಉಬ್ಬಿ, ಒಣಗಿದಾಗ ಬಿರಿಯುವುದರಿಂದ ಅಲ್ಲಿ ಪಾಯದ ವಿನ್ಯಾಸವೇ ಬದಲಾಗಬಹುದು. ಆದ್ದರಿಂದ ಪಾಯಕ್ಕೆ 15%, ಅಂದರೆ 52,500. ಬೋರ್‌ವೆಲ್‌ಗೆ 500 ಅಡಿ ಹಿಡಿದಿದ್ದೇವೆ. ಆದರೆ ಪಕ್ಕದ ಮನೆಯಲ್ಲಿ 450 ಅಡಿಗೆ ನೀರು ಬಂದಿದ್ದರೆ ಹಿಂದಿನ ಬೀದಿಯಲ್ಲಿ 700 ಅಡಿ ಹೋಗಿದೆ. ಆಳ ಹೆಚ್ಚಿದಂತೆ ಕೊರೆಯುವ ಖರ್ಚಿನ ಜೊತೆ ಪೈಪು, ಕೇಬಲ್ಲು ಎಲ್ಲವೂ ಉದ್ದವಾಗುತ್ತವೆ. ಇದಕ್ಕೆ 30%, ಅಂದರೆ 60,000.

ಎಲ್ಲ ಸೇರಿ 1,86,500 ಆಯಿತು. ಒಟ್ಟಿನ ಮೇಲೆ ಸುಮಾರು 8.5%. ಕಣ್ಣುಮುಚ್ಚಿ ಹಾಕುವ 10%ಗೂ ಇದಕ್ಕೂ ದೊಡ್ಡ ವ್ಯತ್ಯಾಸವಿಲ್ಲವಲ್ಲ ಎನ್ನಿಸಬಹುದು. ಮೊತ್ತದಲ್ಲಿ ಇಲ್ಲ, ಆದರೆ ಈ ಲೆಕ್ಕವನ್ನು ಪ್ರಶ್ನಿಸಬಹುದು, ಉತ್ತರವನ್ನೂ ಕೊಡಬಹುದು. ಜೊತೆಗೆ ಇದನ್ನು ಇಳಿಸುವ ದಾರಿಯೂ ಕಾಣುತ್ತದೆ. ಎಸ್ಟಿಮೇಟ್ ಮುಗಿಸುವ ಮೊದಲೇ ಸೈಟಿನಲ್ಲಿ ಒಂದೆರಡು ಪರೀಕ್ಷೆಯ ಗುಂಡಿ ತೋಡಿಸಿ, ಎಂಜಿನಿಯರ್‌ಗೆ ಮಣ್ಣು ತೋರಿಸಿ. ಗಟ್ಟಿ ನೆಲ ಎಲ್ಲಿದೆ ಎಂದು ತಿಳಿದರೆ ಪಾಯದ ಮೀಸಲು 15%ರಿಂದ 5%ಗೆ, ಅಂದರೆ 17,500ಕ್ಕೆ ಇಳಿಯುತ್ತದೆ. ಒಟ್ಟು 1,51,500 ಆಗುತ್ತದೆ, ಸುಮಾರು 7%.

ಯಾವುದು ಮೀಸಲಿಗೆ ಸೇರಬಾರದು ಎಂಬುದೂ ಅಷ್ಟೇ ಮುಖ್ಯ, ಏಕೆಂದರೆ ಜಗಳ ಶುರುವಾಗುವುದು ಇಲ್ಲೇ. ಟೈಲ್ಸ್ ಕತ್ತರಿಸುವಾಗ ಸ್ವಲ್ಪ ಹಾಳಾಗುವುದು ಅನಿರೀಕ್ಷಿತವಲ್ಲ, ಅದನ್ನು ಟೈಲ್ಸ್ ಲೆಕ್ಕದಲ್ಲೇ ಸೇರಿಸಬೇಕು. ಕಂಟ್ರಾಕ್ಟರ್ ಲಾಭವೂ ಅವರ ದರದಲ್ಲಿ ಇರಬೇಕು. ಕಬ್ಬಿಣ, ಸಿಮೆಂಟ್ ಬೆಲೆ ಏರಿಕೆಗೆ ಬೇರೆ ಸಾಲು ಬರೆದು, ಯಾವ ತಿಂಗಳ ದರ ಹಿಡಿದಿದ್ದೀರಿ ಎಂದು ಹೇಳಬೇಕು. ಇನ್ನು ‘ಟೈಲ್ಸ್ ಬೇಡ, ಗ್ರಾನೈಟ್ ಹಾಕಿಸೋಣ’ ಎಂಬ ಮನೆಯವರ ಮನಸ್ಸಿನ ಬದಲಾವಣೆ! ಅದು ಆಸೆ, ಆಕಸ್ಮಿಕವಲ್ಲ. ಅದಕ್ಕೆ ಈ ಹಣ ಮುಟ್ಟಿದರೆ ಬೋರ್ ಕೊರೆಯುವಾಗ ಕೈ ಖಾಲಿ.

ನಿಜವಾದ ಉಬ್ಬರ ಹುಟ್ಟುವುದು ಎಲ್ಲರೂ ಅವರವರ ಮಟ್ಟದಲ್ಲಿ ಸದ್ದಿಲ್ಲದೆ ಸೇರಿಸಿದಾಗ. ಮೇಸ್ತ್ರಿ ತನ್ನ ದರದಲ್ಲಿ 10% ಏರಿಸುತ್ತಾರೆ, ಅದರ ಮೇಲೆ ಕಂಟ್ರಾಕ್ಟರ್ 10%, ಅದರ ಮೇಲೆ ‘ಇರಲಿ’ ಎಂದು ಮನೆಯ ಯಜಮಾನರು 10%. 100 ರೂಪಾಯಿ ಮೊದಲು 110, ಆಮೇಲೆ 121, ಕೊನೆಗೆ 133 ಆಗುತ್ತದೆ. ಯಾರೂ ಮೋಸ ಮಾಡಿಲ್ಲ, ಆದರೂ ಮೂರರಲ್ಲಿ ಒಂದು ಪಾಲು ಹೆಚ್ಚಾಯಿತು. ಹಾಗಾಗಿ ದರ ಕೇಳುವಾಗಲೇ ‘ಹೆಚ್ಚುವರಿ ಸೇರಿಸದೆ ಹೇಳಿ, ಅದನ್ನು ಕೊನೆಯಲ್ಲಿ ಬೇರೆಯಾಗಿ ಬರೆಯೋಣ’ ಎಂದು ಹೇಳಿಬಿಡಿ.

ಎಸ್ಟಿಮೇಟ್‌ನಲ್ಲಿ ‘ಇತರೆ 10%: 2,20,000’ ಎಂದಷ್ಟೇ ಬರೆದರೆ ಓದುವವರು ಹುಬ್ಬೇರಿಸುವುದು ಸಹಜ. ಅದರ ಬದಲು ಹೀಗೆ ಬರೆಯಿರಿ:

‘ಅನಿರೀಕ್ಷಿತ ವೆಚ್ಚಕ್ಕೆ ಮೀಸಲು: 1,86,500. ಇದರಲ್ಲಿ ಪಾಯಕ್ಕೆ 52,500 (ಮಣ್ಣು ಇನ್ನೂ ಪರೀಕ್ಷಿಸಿಲ್ಲ), ಬೋರ್‌ವೆಲ್‌ಗೆ 60,000 (500 ಅಡಿ ಹಿಡಿದಿದೆ, ಸುತ್ತಮುತ್ತ 450ರಿಂದ 700 ಅಡಿ), ಉಳಿದ ಕೆಲಸಗಳಿಗೆ 74,000 (ಅಳತೆಯಲ್ಲಿನ ಸಣ್ಣ ವ್ಯತ್ಯಾಸ). ಬೇರೆ ಯಾವ ದರದಲ್ಲೂ ಹೆಚ್ಚುವರಿ ಸೇರಿಸಿಲ್ಲ. ಮಾಲೀಕರು ಬರವಣಿಗೆಯಲ್ಲಿ ಒಪ್ಪಿದ ಮೇಲಷ್ಟೇ ಖರ್ಚು ಮಾಡಲಾಗುವುದು, ಉಳಿದದ್ದು ಮಾಲೀಕರದ್ದು.’

ಕೊನೆಯ ವಾಕ್ಯವನ್ನು ಮಾತ್ರ ಬಿಡಬೇಡಿ. ಎಸ್ಟಿಮೇಟ್ ನಿಮ್ಮ ಕೈಗೆ ಬಂದಿದ್ದರೆ ಆ ಸಾಲನ್ನು ಹೊಡೆದು ಹಾಕುವ ಬದಲು ಇದನ್ನೇ ಕೇಳಿ: ಯಾವ ಅಪಾಯಕ್ಕೆ ಎಷ್ಟು, ಖರ್ಚಾಗದಿದ್ದರೆ ಯಾರಿಗೆ? ಉತ್ತರ ತಡವರಿಸಿದರೆ ಆಗ ಅನುಮಾನಪಡಿ.

ಕೆಲಸ ಶುರುವಾದ ಮೇಲೂ ಈ ಪಟ್ಟಿ ಗೋಡೆಯ ಮೇಲಿರಲಿ. ಪಾಯ ಭರ್ತಿಯಾದ ದಿನ, ಪಾಯಕ್ಕಿಟ್ಟಿದ್ದರಲ್ಲಿ ಉಳಿದದ್ದನ್ನು ಬರೆದು ಆ ಸಾಲು ಮುಚ್ಚಿ. 470 ಅಡಿಗೇ ನೀರು ಸಿಕ್ಕಿತೆ? ಬೋರಿನ 60,000 ಅವತ್ತೇ ಮೀಸಲಿನಿಂದ ಹೊರಗೆ ಬರಲಿ. ಗ್ರಾನೈಟ್ ಬೇಕೇ ಬೇಡವೇ ಎಂದು ಮನೆಯವರು ಕೂತು ಮಾತಾಡಬೇಕಾದದ್ದು ಆಗ.