ಸಂದರ್ಶನದ ಟಿಪ್ಪಣಿ: ಕೇಳಿಸಿದ್ದೆಷ್ಟು, ಅನಿಸಿದ್ದೆಷ್ಟು

ಆನ್‌ಲೈನ್ ಸಂದರ್ಶನ ರೂಢಿಗೆ ಬಂದ ಮೇಲೆ ಎಚ್‌ಆರ್ ವಿಭಾಗಗಳಲ್ಲಿ ಒಂದು ಹೊಸ ನಿಶ್ಚಿಂತೆ ಕಾಣುತ್ತಿದೆ. ಆಡಿದ ಮಾತೆಲ್ಲ ರೆಕಾರ್ಡ್ ಆಗಿರುತ್ತದೆ, ಯಂತ್ರವೇ ಅದನ್ನು ಅಕ್ಷರಕ್ಕಿಳಿಸುತ್ತದೆ, ಬೇಕೆಂದರೆ ಅರ್ಧ ಪುಟದ ಸಾರಾಂಶವನ್ನೂ ತೆಗೆದುಕೊಡುತ್ತದೆ. ಇನ್ನು ಪಕ್ಷಪಾತಕ್ಕೆ ಜಾಗವೆಲ್ಲಿ ಎಂದು ಕೇಳುವವರಿದ್ದಾರೆ. ಆಯ್ಕೆ ಸಮಿತಿಯ ಮುಂದೆ ಬರುವ ಆ ಅರ್ಧ ಪುಟಗಳನ್ನು ಓದಿದವರಿಗೆ ಉತ್ತರ ಗೊತ್ತು. 'ಆತ್ಮವಿಶ್ವಾಸ ಇದೆ', 'ಮಾತುಗಾರಿಕೆ ಚೆನ್ನಾಗಿದೆ', 'ತಂಡಕ್ಕೆ ಹೊಂದುತ್ತಾರೆ'. ನಲವತ್ತು ನಿಮಿಷದ ರೆಕಾರ್ಡಿಂಗಿನಲ್ಲಿ ಅಭ್ಯರ್ಥಿ ಏನು ಹೇಳಿದರು ಎಂಬುದು ಮಾತ್ರ ಅದರಲ್ಲಿ ಇರುವುದಿಲ್ಲ. ಮಾತನ್ನು ಚಿಕ್ಕದು ಮಾಡುವುದೇ ಬೇರೆ, ಅದರಿಂದ ಸಾಕ್ಷ್ಯ ತೆಗೆಯುವುದೇ ಬೇರೆ. ನೂರು ವರ್ಷಗಳ ಕೆಲಸದಿಂದ ನಿಧಾನವಾಗಿ ಸ್ಪಷ್ಟವಾದ ಈ ವ್ಯತ್ಯಾಸವೇ ಈಗ ಮರೆಯಾಗುತ್ತಿದೆ.

ಮೊದಲ ಅರ್ಧ ಶತಮಾನದ ಕಥೆಯನ್ನು ಬೇಗ ಹೇಳಿ ಮುಗಿಸಬಹುದು. ಅಮೆರಿಕದ ವಾಲ್ಟರ್ ಡಿಲ್ ಸ್ಕಾಟ್ 1915ರಲ್ಲಿ ಒಂದೇ ಗುಂಪಿನ ಅಭ್ಯರ್ಥಿಗಳನ್ನು ಹಲವು ಸೇಲ್ಸ್ ಮ್ಯಾನೇಜರ್‌ಗಳಿಂದ ಸಂದರ್ಶನ ಮಾಡಿಸಿ, ಅವರ ತೀರ್ಪುಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ ಎಂದು ತೋರಿಸಿದ. ಒಂದು ಗುಣ ಹಿಡಿಸಿದರೆ ಉಳಿದ ಗುಣಗಳಿಗೂ ಹೆಚ್ಚು ಅಂಕ ಬೀಳುತ್ತದೆ ಎಂಬುದನ್ನು ಥಾರ್ನ್‌ಡೈಕ್ 1920ರಲ್ಲಿ ಗುರುತಿಸಿದ. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ವೆಬ್‌ಸ್ಟರ್ ಬಳಗ 1964ರ ಹೊತ್ತಿಗೆ, ಸಂದರ್ಶಕರು ಶುರುವಿನಲ್ಲೇ ಒಂದು ನಿರ್ಧಾರಕ್ಕೆ ಬಂದುಬಿಡುತ್ತಾರೆ, ಒಳ್ಳೆಯದಕ್ಕಿಂತ ಕೆಟ್ಟದ್ದೇ ಅವರ ಮನಸ್ಸಿನಲ್ಲಿ ಹೆಚ್ಚು ತೂಗುತ್ತದೆ ಎಂದು ಹೇಳಿತು. ರೋಗವೇನೋ ಪತ್ತೆಯಾಯಿತು. ಟಿಪ್ಪಣಿಯ ಬಗ್ಗೆ ಮಾತ್ರ ಯಾರೂ ಹೆಚ್ಚು ಯೋಚಿಸಿರಲಿಲ್ಲ.

ಯೋಚಿಸುವಂತೆ ಮಾಡಿದ್ದು 1971ರಲ್ಲಿ ಕಾರ್ಲ್‌ಸನ್ ಮತ್ತು ಸಂಗಡಿಗರು ಪ್ರಕಟಿಸಿದ ಒಂದು ಸರಳ ಪ್ರಯೋಗ. ಅವರು ಮ್ಯಾನೇಜರ್‌ಗಳಿಗೆ 20 ನಿಮಿಷದ ಸಂದರ್ಶನದ ವಿಡಿಯೊ ತೋರಿಸಿ, ಆ ಕೂಡಲೇ ಅದರಲ್ಲಿದ್ದ ನೇರ ಸಂಗತಿಗಳ ಮೇಲೆ 20 ಪ್ರಶ್ನೆ ಕೇಳಿದರು. ಸರಾಸರಿ ಅರ್ಧದಷ್ಟು ಉತ್ತರ ತಪ್ಪಿದ್ದವು. ಸರಿಯಾಗಿ ಹೇಳಿದವರು ಪ್ರಶ್ನೆಪಟ್ಟಿ ಇಟ್ಟುಕೊಂಡು ನೋಟ್ಸ್ ಬರೆದುಕೊಂಡವರು. ಏನೂ ಬರೆದುಕೊಳ್ಳದವರಿಗೂ ಅಭ್ಯರ್ಥಿಯ ಬಗ್ಗೆ ಅಭಿಪ್ರಾಯವಂತೂ ಇತ್ತು. ಮುಂದೆ ಥೆರೀಸ್ ಮೆಕನ್ ಮತ್ತಿತರರು ನಡೆಸಿದ ಅಧ್ಯಯನಗಳು ಇದಕ್ಕೊಂದು ಮಿತಿ ಹಾಕಿದವು: ನೋಟ್ಸ್ ನೆನಪಿಗೆ ಒದಗುತ್ತದೆ, ಆದರೆ ಅಷ್ಟರಿಂದಲೇ ತೀರ್ಪು ಸುಧಾರಿಸುತ್ತದೆ ಎನ್ನಲು ಬರುವುದಿಲ್ಲ. ಏನನ್ನು ಬರೆದುಕೊಳ್ಳುತ್ತೇವೆ ಎಂಬುದು ಮುಖ್ಯ.

ಏನನ್ನು ಬರೆದುಕೊಳ್ಳಬೇಕು ಎಂಬುದಕ್ಕೆ ಉತ್ತರ ಎರಡು ಕಡೆಯಿಂದ ಬಂತು. ಫ್ಲ್ಯಾನಗನ್ 1954ರಲ್ಲಿ, ಗುಣವಾಚಕಗಳನ್ನು ಬಿಟ್ಟು ನಡೆದ ಘಟನೆಯನ್ನು ಬರೆಯಿರಿ ಎಂದಿದ್ದ. ಆ ಎಳೆ ಹಿಡಿದು ಲೇಥಮ್ ಬಳಗ 1980ರಲ್ಲಿ 'ಹೀಗಾದರೆ ಏನು ಮಾಡುತ್ತೀರಿ' ಎಂಬ ಬಗೆಯ, ಜಾನ್ಜ್ 1982ರಲ್ಲಿ 'ಹಾಗಾದಾಗ ಏನು ಮಾಡಿದಿರಿ' ಎಂಬ ಬಗೆಯ ಸಂದರ್ಶನವನ್ನು ರೂಪಿಸಿದರು. ಎಲ್ಲರಿಗೂ ಅದೇ ಪ್ರಶ್ನೆ, ಮೊದಲೇ ಬರೆದಿಟ್ಟ ಮಾನದಂಡ, ಪ್ರತಿ ಮಾನದಂಡಕ್ಕೂ ಬೇರೆ ಅಂಕ. ಸ್ಯಾಕೆಟ್ ಮತ್ತು ಸಂಗಡಿಗರು 2022ರಲ್ಲಿ ಹಳೆಯ ಲೆಕ್ಕಗಳನ್ನೆಲ್ಲ ತಿದ್ದಿ ಮತ್ತೆ ನೋಡಿದಾಗಲೂ, ಕೆಲಸದಲ್ಲಿ ಯಾರು ಚೆನ್ನಾಗಿ ನಿಲ್ಲುತ್ತಾರೆಂದು ಊಹಿಸುವ ಸಾಧನಗಳಲ್ಲಿ ಈ ಬಗೆಯ ಸಂದರ್ಶನವೇ ಮೊದಲ ಸ್ಥಾನದಲ್ಲಿತ್ತು. ಹರಟೆಯಂತೆ ನಡೆಯುವ ಸಂದರ್ಶನ ಅದಕ್ಕಿಂತ ಬಹಳ ಕೆಳಗಿತ್ತು.

ಎರಡನೆಯದು ಸೇನೆಯ ದಾರಿ. ಬ್ರಿಟನ್ 1942ರಲ್ಲಿ ಅಧಿಕಾರಿಗಳ ಆಯ್ಕೆಗೆ ಹುಟ್ಟುಹಾಕಿದ ಮಂಡಳಿಗಳ ಪದ್ಧತಿ ಭಾರತಕ್ಕೂ ಬಂದು ಎಸ್‌ಎಸ್‌ಬಿಯಾಗಿ ಉಳಿದುಕೊಂಡಿದೆ. ಬೆಂಗಳೂರಿನ ಸೆಲೆಕ್ಷನ್ ಸೆಂಟರ್ ಸೌತ್‌ಗೆ ಹೋಗಿಬಂದವರು ನಮ್ಮಲ್ಲಿ ಸಾಕಷ್ಟಿದ್ದಾರೆ. ಅಲ್ಲಿ ಸಂದರ್ಶನಾಧಿಕಾರಿ, ಮನೋವಿಜ್ಞಾನಿ, ಜಿಟಿಒ ಮೂವರೂ ತಮ್ಮತಮ್ಮ ಅಂದಾಜನ್ನು ಬೇರೆಬೇರೆಯಾಗಿ ಮಾಡಿ, ಕೊನೆಯ ಕಾನ್ಫರೆನ್ಸಿನಲ್ಲಿ ಮಾತ್ರ ಒಟ್ಟಿಗಿಡುತ್ತಾರೆ. ಇದೇ ಬೇರಿನಿಂದ ಬೆಳೆದ ಅಸೆಸ್‌ಮೆಂಟ್ ಸೆಂಟರ್‌ಗಳು ನಾಲ್ಕು ಹೆಜ್ಜೆಯ ಶಿಸ್ತನ್ನು ಕಲಿಸಿದವು: ಗಮನಿಸು, ಬರೆ, ವಿಂಗಡಿಸು, ಆಮೇಲೆ ಅಂಕ ಹಾಕು. ಹೆಜ್ಜೆ ದಾಟಿಸುವಂತಿಲ್ಲ. ರೆಕಾರ್ಡಿಂಗಿನಿಂದ ಟಿಪ್ಪಣಿ ಮಾಡುವವರಿಗೆ ಇಂದಿಗೂ ಇದಕ್ಕಿಂತ ಒಳ್ಳೆಯ ದಾರಿ ಸಿಕ್ಕಿಲ್ಲ.

ನಮ್ಮ ನ್ಯಾಯಾಲಯಗಳು ಇದೇ ಪ್ರಶ್ನೆಗೆ ಇನ್ನೊಂದು ಬಾಗಿಲಿನಿಂದ ಬಂದವು. ಮೈಸೂರು ರಾಜ್ಯದ ವೃತ್ತಿ ಕಾಲೇಜುಗಳ ಪ್ರವೇಶಕ್ಕೆ ಸಂಬಂಧಿಸಿದ ಚಿತ್ರಲೇಖಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1964ರಲ್ಲಿ ಸಂದರ್ಶನ ಪದ್ಧತಿಯನ್ನು ಒಪ್ಪಿತು. ಶ್ರೀನಗರದ ಎಂಜಿನಿಯರಿಂಗ್ ಕಾಲೇಜಿನ ಅಜಯ್ ಹಾಸಿಯಾ ಪ್ರಕರಣದಲ್ಲಿ ಚಿತ್ರ ಬದಲಾಯಿತು. ಅಲ್ಲಿ 150 ಅಂಕದಲ್ಲಿ 50 ಸಂದರ್ಶನದ್ದು. ತಮ್ಮನ್ನು ಎರಡು ಮೂರು ನಿಮಿಷ ಮಾತ್ರ, ಅದೂ ಊರು ಮತ್ತು ತಂದೆತಾಯಿಯ ಬಗ್ಗೆ ಕೇಳಿ ಕಳಿಸಿದರು ಎಂಬುದು ವಿದ್ಯಾರ್ಥಿಗಳ ದೂರು. ನ್ಯಾಯಮೂರ್ತಿ ಭಗವತಿ ಅವರ ತೀರ್ಪು ಸಂದರ್ಶನಕ್ಕೆ ಶೇಕಡಾ 15ಕ್ಕಿಂತ ಹೆಚ್ಚು ಅಂಕ ಇಡುವುದು ಸರಿಯಲ್ಲ ಎಂದಿತು. ಅದೇ ತೀರ್ಪಿನಲ್ಲಿ, ಸಂದರ್ಶನವನ್ನು ಟೇಪ್ ಮಾಡಿಟ್ಟರೆ ಒಳ್ಳೆಯದು, ಏನು ಕೇಳಿದರು, ಏನು ಹೇಳಿದರು ಎಂಬುದಕ್ಕೆ ಆಗಿನ ಕಾಲದ್ದೇ ಸಾಕ್ಷ್ಯ ಉಳಿಯುತ್ತದೆ ಎಂಬ ಸಲಹೆಯೂ ಇದೆ. ಮೊಬೈಲ್ ಇಲ್ಲದ ಕಾಲದ ಮಾತು ಅದು. ಶೇಕಡಾವಾರು ಎಲ್ಲರ ಬಾಯಲ್ಲಿ ಉಳಿಯಿತು, ಟೇಪು ಉಳಿಯಲಿಲ್ಲ. ಕೇಂದ್ರ ಸರ್ಕಾರವಂತೂ 2016ರ ಜನವರಿಯಿಂದ ಕೆಳ ಹಂತದ ಹುದ್ದೆಗಳಿಗೆ ಸಂದರ್ಶನವನ್ನೇ ಕೈಬಿಟ್ಟಿತು. ದಾಖಲೆ ಸರಿಪಡಿಸುವುದಕ್ಕಿಂತ ಅದು ಸುಲಭ.

ಟಿಪ್ಪಣಿ ಹೇಗಿರಬೇಕು ಎಂಬುದನ್ನು ಒಂದು ಕಲ್ಪಿತ ಉದಾಹರಣೆಯಲ್ಲಿ ನೋಡಬಹುದು. ಪೀಣ್ಯದ ಒಂದು ಮಧ್ಯಮ ಗಾತ್ರದ ಕಾರ್ಖಾನೆಗೆ ಮೇಂಟೆನೆನ್ಸ್ ಸೂಪರ್‌ವೈಸರ್ ಬೇಕು ಎಂದಿಟ್ಟುಕೊಳ್ಳೋಣ. ಮಾನದಂಡ ಮೂರು: ದೋಷ ಪತ್ತೆ, ಸುರಕ್ಷತೆ, ದಾಖಲೆ ನಿರ್ವಹಣೆ. ಅಭ್ಯರ್ಥಿಗೆ ಮೊದಲೇ ತಿಳಿಸಿ, ಒಪ್ಪಿಗೆ ಪಡೆದು ಮಾಡಿದ 34 ನಿಮಿಷದ ರೆಕಾರ್ಡಿಂಗ್ ಇದೆ. ಟಿಪ್ಪಣಿಕಾರರು ಮೊದಲ ಸಲ ಕೇಳುವಾಗ ಅಭಿಪ್ರಾಯವೇನೂ ಬರೆಯದೆ, ಎಷ್ಟನೇ ನಿಮಿಷದಲ್ಲಿ ಯಾವ ವಿಷಯ ಬಂತು ಎಂದಷ್ಟೇ ಗುರುತು ಹಾಕಿಕೊಳ್ಳುತ್ತಾರೆ. ಎರಡನೇ ಸಲ ಆ ತುಣುಕುಗಳನ್ನು ಮಾನದಂಡಗಳ ಕೆಳಗೆ ಜೋಡಿಸುತ್ತಾರೆ. ಮೊದಲನೆಯದರ ಕೆಳಗೆ ಬರುವ ನಮೂದು ಹೀಗಿರುತ್ತದೆ:

'ದೋಷ ಪತ್ತೆ. 12:40–16:05. ಪ್ರಶ್ನೆ: ಈಚೆಗೆ ನೀವೇ ಕಂಡುಹಿಡಿದ ಒಂದು ತೊಂದರೆ ಹೇಳಿ. ಹೇಳಿದ್ದು: ಬೆಳಗಿನ ಶಿಫ್ಟಿನಲ್ಲಿ ಗಾಳಿಯ ಪ್ರೆಷರ್ ಇಳಿಯುತ್ತಿತ್ತು. ಭಾನುವಾರ ಮೆಷಿನ್‌ಗಳೆಲ್ಲ ನಿಂತಿದ್ದಾಗಲೂ ಕಂಪ್ರೆಸರ್ ಪದೇಪದೇ ಲೋಡ್ ಆಗುವುದನ್ನು ನೋಡಿ, ಲೈನಿನಲ್ಲೇ ಲೀಕ್ ಇದೆ ಎಂದು ತೀರ್ಮಾನಿಸಿ, ಜಾಯಿಂಟ್‌ಗಳಿಗೆ ಸೋಪಿನ ನೀರು ಹಚ್ಚಿ ಪತ್ತೆ ಮಾಡಿದರು. ಸ್ವಂತ ಪಾಲು: "ನಾವು" ಎಂದು ಶುರುಮಾಡಿದರು, 14:10ರಲ್ಲಿ ಕೇಳಿದಾಗ, ಲೋಡ್ ಆಗುವ ಸಮಯ ಬರೆದಿಟ್ಟದ್ದು ತಾವು, ಜಾಯಿಂಟ್ ಬದಲಿಸಿದ್ದು ಗುತ್ತಿಗೆದಾರರು ಎಂದರು. ಫಲ: ಪ್ರೆಷರ್ ಸರಿಹೋಯಿತು ಎಂದರು. ಅಂಕಿ ಕೊಡಲಿಲ್ಲ, ಸಮಿತಿಯೂ ಕೇಳಲಿಲ್ಲ.'

'ತಾಂತ್ರಿಕ ಜ್ಞಾನ ಚೆನ್ನಾಗಿದೆ' ಎಂದು ಬರೆದಿದ್ದರೆ ಸಮಿತಿಯ ಸದಸ್ಯರು ಒಪ್ಪಬೇಕಿತ್ತು, ಇಲ್ಲವೇ ತಳ್ಳಿಹಾಕಬೇಕಿತ್ತು. ಈ ನಮೂದಿನ ಮೇಲೆ ಅವರು ವಾದ ಮಾಡಬಹುದು. ಮೆಷಿನ್ ನಿಂತಾಗ ಕಂಪ್ರೆಸರ್ ನೋಡಬೇಕು ಎಂದು ಹೊಳೆದದ್ದು ದೋಷ ಪತ್ತೆಗೆ ಒಳ್ಳೆಯ ಸಾಕ್ಷ್ಯ. ಫಲದ ಮಾತು ಮಾತ್ರ ಬರೀ ಹೇಳಿಕೆ. ಎರಡೂ ಒಂದೇ ತೂಕದ್ದಲ್ಲ ಎಂಬುದು ಓದಿದವರಿಗೆ ಕಾಣುತ್ತದೆ.

ಸುರಕ್ಷತೆಯ ವಿಷಯ ಬಂದಾಗ ಕಷ್ಟ ಶುರುವಾಗುತ್ತದೆ. 21:30ರಲ್ಲಿ ಸದಸ್ಯರೊಬ್ಬರು, 'ರಿಪೇರಿಗೆ ಮೊದಲು ಮೈನ್ ಆಫ್ ಮಾಡಿ ಬೀಗ ಹಾಕ್ತೀರ ಅಲ್ವಾ?' ಎನ್ನುತ್ತಾರೆ. 'ಹೌದು ಸರ್.' ಅವಸರದ ಸಾರಾಂಶದಲ್ಲಿ ಇದು 'ಸುರಕ್ಷತಾ ಕ್ರಮ ಗೊತ್ತಿದೆ' ಎಂದಾಗಿಬಿಡುತ್ತದೆ. ಉತ್ತರ ಪ್ರಶ್ನೆಯ ಒಳಗೇ ಇತ್ತು. ಹಾಗಾಗಿ ಟಿಪ್ಪಣಿಯಲ್ಲಿ ಇರಬೇಕಾದ್ದು 'ಸಾಕ್ಷ್ಯ ಸಿಗಲಿಲ್ಲ, ಪ್ರಶ್ನೆಯೇ ಉತ್ತರ ಸೂಚಿಸಿತ್ತು' ಎಂಬ ಮಾತು. 'ಕೇಳಲಿಲ್ಲ', 'ಕೇಳಿದರೂ ಹೇಳಲಿಲ್ಲ', 'ಹೇಳಿಕೊಟ್ಟು ಹೇಳಿಸಿದರು' ಇವು ಮೂರು ಬೇರೆ ಸ್ಥಿತಿಗಳು. ಮೊದಲನೆಯದಕ್ಕೂ ಮೂರನೆಯದಕ್ಕೂ ಸಮಿತಿ ಹೊಣೆ. ಮೂರನ್ನೂ 'ದುರ್ಬಲ' ಎಂಬ ಒಂದೇ ಪದದಲ್ಲಿ ಮುಗಿಸುವುದು ಈ ಕೆಲಸದಲ್ಲಿ ಅತಿ ಸಾಮಾನ್ಯವಾದ ಅನ್ಯಾಯ.

ದಾಖಲೆಯ ವಿಷಯದಲ್ಲಿ ಇನ್ನೊಂದು ತೊಡಕು. 27:15ರಲ್ಲಿ ಅಭ್ಯರ್ಥಿ, ಹಿಂದಿನ ಕಾರ್ಖಾನೆಯಲ್ಲಿ ಲಾಗ್‌ಬುಕ್ಕೇ ಇರಲಿಲ್ಲ ಎನ್ನುತ್ತಾರೆ. 14:10ರಲ್ಲಿ ಲೋಡ್ ಸಮಯ ಬರೆದಿಟ್ಟೆ ಎಂದಿದ್ದರು. ಇದು ವಿರೋಧವೂ ಇರಬಹುದು, ಲಾಗ್‌ಬುಕ್ ಇಲ್ಲದ ಕಡೆ ತಾವೇ ಒಂದು ನೋಟ್‌ಬುಕ್ ಇಟ್ಟುಕೊಂಡದ್ದೂ ಇರಬಹುದು. ಟಿಪ್ಪಣಿಕಾರರು ಅದನ್ನು ಬಗೆಹರಿಸಲು ಹೋಗದೆ ಎರಡನ್ನೂ ಅಕ್ಕಪಕ್ಕ ಇಟ್ಟು, ಫೋನ್ ಮಾಡಿ ಕೇಳಬೇಕಾದ ಪ್ರಶ್ನೆಯಾಗಿ ಬರೆಯುತ್ತಾರೆ. ಊರು, ಮದುವೆ, ಉಚ್ಚಾರಣೆ, 'ನಮ್ಮ ಕಡೆಯ ಹುಡುಗ' ಎಂಬ ಮಾತು ರೆಕಾರ್ಡಿಂಗಿನಲ್ಲಿ ಇದ್ದರೂ ಮಾನದಂಡದಲ್ಲಿ ಇಲ್ಲವಾದ್ದರಿಂದ ಟಿಪ್ಪಣಿಗೆ ಬರುವುದಿಲ್ಲ. ಒಟ್ಟಾರೆ ಶಿಫಾರಸೂ ಅದರಲ್ಲಿ ಇರುವುದಿಲ್ಲ. ಸದಸ್ಯರು ಟಿಪ್ಪಣಿ ಓದಿ, ಮಾತಾಡಿಕೊಳ್ಳುವ ಮೊದಲೇ ಒಬ್ಬೊಬ್ಬರೂ ಬೇರೆಯಾಗಿ ಅಂಕ ಹಾಕಬೇಕು. ಇಲ್ಲದಿದ್ದರೆ ಮೊದಲು ಬಾಯಿ ತೆರೆದವರ ಅಂಕವೇ ಎಲ್ಲರ ಅಂಕ.

ಟಿಪ್ಪಣಿ ಸರಿಯಿದೆಯೇ ಎಂದು ತಿಳಿಯಲು ಸುಲಭದ ದಾರಿಯಿದೆ. ಅದನ್ನು ಬರೆಯದ ಇನ್ನೊಬ್ಬರು ಯಾವುದಾದರೂ ಮೂರು ಸಾಲು ಆರಿಸಿ, ನಮೂದಾದ ಸಮಯಕ್ಕೆ ರೆಕಾರ್ಡಿಂಗ್ ತಿರುಗಿಸಿ ಕೇಳಬೇಕು. ಒಂದು ಸಾಲಿಗೆ ಮಾತು ಸಿಗದಿದ್ದರೂ ಪೂರ್ತಿ ಟಿಪ್ಪಣಿಯನ್ನು ಮತ್ತೆ ನೋಡಬೇಕಾಗುತ್ತದೆ. ಜೊತೆಗೆ, ಒಬ್ಬರ ಟಿಪ್ಪಣಿ ಎರಡು ಪುಟ, ಇನ್ನೊಬ್ಬರದು ಆರು ಸಾಲು ಆಗಿದ್ದರೆ ವ್ಯತ್ಯಾಸ ಅಭ್ಯರ್ಥಿಗಳಲ್ಲಿದೆಯೋ ಕೇಳಿದವರ ಆಸಕ್ತಿಯಲ್ಲಿದೆಯೋ ಎಂದು ವಿಚಾರಿಸಬೇಕು.

ಯಂತ್ರದ ಅಕ್ಷರಾಂತರವನ್ನು ನೆಚ್ಚಿಕೊಂಡವರು 2020ರ ಒಂದು ಅಧ್ಯಯನವನ್ನು ನೋಡಬೇಕು. ಸ್ಟ್ಯಾನ್‌ಫರ್ಡ್‌ನ ಕೊನೆಕೆ ಬಳಗ ಐದು ದೊಡ್ಡ ಕಂಪನಿಗಳ ಧ್ವನಿ ಗುರುತಿಸುವ ವ್ಯವಸ್ಥೆಗಳನ್ನು ಪರೀಕ್ಷಿಸಿತು. ಬಿಳಿಯರ ಮಾತಿನಲ್ಲಿ ನೂರಕ್ಕೆ ಸುಮಾರು 19 ಪದ ತಪ್ಪಿದರೆ, ಕಪ್ಪು ಅಮೆರಿಕನ್ನರ ಮಾತಿನಲ್ಲಿ 35 ತಪ್ಪುತ್ತಿದ್ದವು. ಎಲ್ಲರೂ ಮಾತಾಡಿದ್ದು ಇಂಗ್ಲಿಷನ್ನೇ. 'ಲೋಡ್ ಆಗ್ತಾನೇ ಇತ್ತು ಸರ್, ಅದಕ್ಕೆ ಸಂಡೇ ಬಂದು ಚೆಕ್ ಮಾಡ್ದೆ' ಎಂಬ ಪೀಣ್ಯದ ಮಾತಿನಲ್ಲಿ 'ಇತ್ತು' ಎಂಬುದು 'ಇಲ್ಲ' ಆದರೆ ಸಾಕ್ಷ್ಯವೇ ತಲೆಕೆಳಗು. ಅಕ್ಷರಾಂತರವನ್ನು ಹುಡುಕಾಟಕ್ಕೆ ಬಳಸಿ, ಬರೆಯುವ ಮೊದಲು ಕಿವಿಯಿಂದ ಕೇಳಬೇಕು.

ಇಷ್ಟೆಲ್ಲ ಕೆಲಸದಲ್ಲಿ ಒಂದು ಬದಿ ಹೆಚ್ಚುಕಡಿಮೆ ಖಾಲಿ ಉಳಿದಿದೆ. ಟಿಪ್ಪಣಿಯ ಗಮನವೆಲ್ಲ ಅಭ್ಯರ್ಥಿಯ ಮಾತಿನ ಮೇಲೆ; ಸಮಿತಿಯವರು ಎಲ್ಲಿ ತಡೆದರು, ಯಾರಿಗೆ ಸುಳಿವು ಕೊಟ್ಟರು ಎಂಬುದನ್ನು ದಾಖಲಿಸುವ ಅಂಕಣ ಬಹುತೇಕ ನಮೂನೆಗಳಲ್ಲಿ ಕಾಣುವುದಿಲ್ಲ. ಲಿಖಿತ ಪರೀಕ್ಷೆ ಬರೆದವರು ತಮ್ಮ ಮೌಲ್ಯಮಾಪನಗೊಂಡ ಉತ್ತರಪತ್ರಿಕೆಯನ್ನು ಮಾಹಿತಿ ಹಕ್ಕಿನಡಿ ನೋಡಬಹುದು ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಹೇಳಿತು. ಸಂದರ್ಶನಕ್ಕೆ ಉತ್ತರಪತ್ರಿಕೆ ಎಂದರೆ ಈ ಟಿಪ್ಪಣಿಯೇ. ನೇಮಕಾತಿ ಸಂಸ್ಥೆಗಳು ಅದರ ಸಾಕ್ಷ್ಯದ ಭಾಗವನ್ನು, ಅಂಕ ಬಿಟ್ಟು, ಅಭ್ಯರ್ಥಿಗೆ ಕಳಿಸಿ, ತಾವು ಹೇಳಿದ್ದು ತಪ್ಪಾಗಿ ದಾಖಲಾಗಿದ್ದರೆ ಸಮಿತಿ ಸೇರುವ ಮೊದಲು ತಿಳಿಸಲು ಒಂದು ವಾರ ಕೊಡಬಹುದು. ಇದಕ್ಕೆ ಹೊಸ ಕಾನೂನು ಬೇಕಿಲ್ಲ, ಹೊಸ ತಂತ್ರಜ್ಞಾನವೂ ಬೇಕಿಲ್ಲ. ಸಮಯ ನಮೂದಿಸಿದ ಒಂದು ಹಾಳೆ ಮತ್ತು ಒಂದು ಇಮೇಲ್ ಸಾಕು.