ಪ್ರೌಢಶಾಲೆಗೆ ಸ್ಥಿತ್ಯಂತರ

ಪ್ರೌಢಶಾಲೆಗೆ ಸ್ಥಿತ್ಯಂತರ ಎಂದರೆ ವಿದ್ಯಾರ್ಥಿಯು ಪ್ರಾಥಮಿಕ ಶಾಲೆಯನ್ನು ಮುಗಿಸಿ ಪ್ರೌಢಶಾಲೆಗೆ ಸೇರುವ ಹಂತ. ಕರ್ನಾಟಕದಲ್ಲಿ ಇದು ಸಾಮಾನ್ಯವಾಗಿ ಏಳನೆಯ ತರಗತಿಯ ನಂತರ, ಸುಮಾರು ಹದಿಮೂರನೆಯ ವಯಸ್ಸಿನಲ್ಲಿ ನಡೆಯುತ್ತದೆ. ಕೆಲವು ಹಿರಿಯ ಪ್ರಾಥಮಿಕ ಶಾಲೆಗಳಲ್ಲಿ ಎಂಟನೆಯ ತರಗತಿಯೂ ಇರುವುದರಿಂದ ಅಲ್ಲಿ ಈ ಬದಲಾವಣೆ ಒಂದು ವರ್ಷ ತಡವಾಗುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಕಡ್ಡಾಯ ಶಿಕ್ಷಣವೂ ಎಂಟನೆಯ ತರಗತಿಗೇ ಮುಗಿಯುತ್ತದೆ. ಹೀಗಾಗಿ ಅಂಥ ಶಾಲೆಯ ಮಗು ಊರಿನ ಶಾಲೆಯನ್ನೂ ಕಾನೂನಿನ ಆಸರೆಯನ್ನೂ ಒಟ್ಟಿಗೇ ಬಿಡಬೇಕಾಗುತ್ತದೆ.

ಕಾರಣಗಳು

ಯಾದಗಿರಿ ಜಿಲ್ಲೆಯ ವಡಗೇರಾ, ಹಿಂದೆ ಶಹಾಪುರ ತಾಲ್ಲೂಕಿಗೆ ಸೇರಿದ್ದು ಈಗ ತಾನೇ ತಾಲ್ಲೂಕು ಕೇಂದ್ರವಾಗಿದೆ. 2011ರ ಜನಗಣತಿಯಲ್ಲಿ ಜಿಲ್ಲೆಯ ಸಾಕ್ಷರತೆ ಶೇ. 51.83 ಇದ್ದು, ರಾಜ್ಯದಲ್ಲೇ ಕಡಿಮೆಯಾಗಿತ್ತು. ಇಂಥ ಪ್ರದೇಶದಲ್ಲಿ ಅನೇಕ ಮಕ್ಕಳು ತಮ್ಮ ಮನೆತನದಲ್ಲಿ ಪ್ರೌಢಶಾಲೆಯ ಮೆಟ್ಟಿಲು ಹತ್ತಿದ ಮೊದಲಿಗರು. ಅಲ್ಲಿ ಏನಿರುತ್ತದೆಂದು ಹೇಳುವವರು ಮನೆಯಲ್ಲಿರುವುದಿಲ್ಲ. ಪ್ರಾಥಮಿಕ ಶಾಲೆಯಲ್ಲಿ ಒಂದಿಬ್ಬರು ಶಿಕ್ಷಕರಿಗೆ ಮಗುವಿನ ಓಣಿ, ಮನೆ ಎಲ್ಲವೂ ಗೊತ್ತಿರುತ್ತವೆ. ಪ್ರೌಢಶಾಲೆಯಲ್ಲಿ ಗಂಟೆಗೊಬ್ಬ ವಿಷಯ ಶಿಕ್ಷಕರು ಬರುತ್ತಾರೆ. ಏಳನೆಯ ತರಗತಿಯಲ್ಲಿ ಹಿರಿಯರಾಗಿದ್ದವರು ಇಲ್ಲಿ ಮತ್ತೆ ಕಿರಿಯರಾಗುತ್ತಾರೆ. ಅಮೆರಿಕದ ಮಿಲ್ವಾಕಿ ನಗರದ ಮಕ್ಕಳನ್ನು ಅಧ್ಯಯನ ಮಾಡಿ 1987ರಲ್ಲಿ ಗ್ರಂಥ ಪ್ರಕಟಿಸಿದ ರಾಬರ್ಟಾ ಸಿಮ್ಮನ್ಸ್ ಮತ್ತು ಡೇಲ್ ಬ್ಲೈತ್, ಮೈನೆರೆಯುವ ಕಾಲಕ್ಕೇ ಶಾಲೆಯೂ ಬದಲಾದರೆ ಹುಡುಗಿಯರ ಆತ್ಮಗೌರವ ಹೆಚ್ಚು ಕುಗ್ಗುವುದನ್ನು ಗುರುತಿಸಿದರು. ಪ್ರೌಢಶಾಲೆ ಬೇರೆ ಊರಿನಲ್ಲಿದ್ದರೆ ದಾರಿಯ ಚಿಂತೆಯೂ ಸೇರುತ್ತದೆ. ಎಂಟನೆಯ ತರಗತಿಯವರಿಗೆ 2006-07ರಿಂದ ಕೊಡುತ್ತಿದ್ದ ಉಚಿತ ಸೈಕಲ್ ಈ ತೊಡಕಿಗೆ ನೇರ ಉತ್ತರವಾಗಿತ್ತು. ಕೋವಿಡ್ ಕಾಲದಲ್ಲಿ ಅದು ಸ್ಥಗಿತಗೊಂಡಿತು.

ಸೇತುಬಂಧ

ಶಾಲಾ ವರ್ಷದ ಆರಂಭದಲ್ಲಿ ರಾಜ್ಯದ ಶಾಲೆಗಳು ಸೇತುಬಂಧ ಕಾರ್ಯಕ್ರಮವನ್ನು ನಡೆಸುತ್ತವೆ. ಮೊದಲು ಹಿಂದಿನ ತರಗತಿಯ ಕಲಿಕೆಯನ್ನು ಅಳೆಯುವ ಪೂರ್ವ ಪರೀಕ್ಷೆ, ಬಳಿಕ ಪರಿಹಾರ ಬೋಧನೆ, ಕೊನೆಗೆ ಸಾಫಲ್ಯ ಪರೀಕ್ಷೆ. ಉದಾಹರಣೆಗೆ, −7 + 4 ಎಂಬ ಲೆಕ್ಕಕ್ಕೆ ಮಗು −11 ಎಂದು ಬರೆದರೆ, ಅದು ಚಿಹ್ನೆಗಳು ಬೇರೆ ಎಂಬುದನ್ನು ಗಮನಿಸದೆ 7 ಮತ್ತು 4ನ್ನು ಕೂಡಿಸಿ ಮುಂದೆ ಋಣ ಚಿಹ್ನೆ ಇಟ್ಟಿದೆ ಎಂದರ್ಥ. ಶಿಕ್ಷಕರು ಸಂಖ್ಯಾರೇಖೆಯ ಮೇಲೆ −7ರಿಂದ ಬಲಕ್ಕೆ ನಾಲ್ಕು ಹೆಜ್ಜೆ ಇಡಿಸಿ −3ಕ್ಕೆ ತಲುಪಿಸುತ್ತಾರೆ. ಇದನ್ನು ಬಿಟ್ಟು ಬೀಜಗಣಿತಕ್ಕೆ ಹೋದರೆ ಅದೇ ತಪ್ಪು ಪ್ರತಿ ಸಮೀಕರಣದಲ್ಲೂ ಮರುಕಳಿಸುತ್ತದೆ. ಸಾಫಲ್ಯ ಪರೀಕ್ಷೆಯಲ್ಲಿ −9 + 5 ಕೊಟ್ಟಾಗ −4 ಬಂದರೆ ಮಗು ದಾಟಿತೆಂದು ತಿಳಿಯಬಹುದು. ಹಳೆಯ ಪ್ರಶ್ನೆಯನ್ನೇ ಮತ್ತೆ ಕೇಳಿದರೆ ಬಾಯಿಪಾಠವಷ್ಟೇ ಅಳತೆಗೆ ಸಿಗುತ್ತದೆ. ಅಂಕಗಳನ್ನು ದಾಖಲೆಗೆಂದು ತುಂಬಿ, ಮರುದಿನವೇ ಮೊದಲ ಪಾಠ ಆರಂಭಿಸುವಲ್ಲಿ ಸೇತುಬಂಧ ಹೆಸರಿಗಷ್ಟೇ ಉಳಿಯುತ್ತದೆ.

ದಾಖಲಾತಿಯ ಕಂದಕ

ವರ್ಗಾವಣೆ ಪತ್ರ ಪಡೆದ ಮಗು ಹಳೆಯ ಶಾಲೆಯ ಲೆಕ್ಕದಿಂದ ಹೊರಗಾಗುತ್ತದೆ. ಹೊಸ ಶಾಲೆಗೆ ಬಾರದಿದ್ದರೆ ಅಲ್ಲಿಯ ಹಾಜರಿ ಪುಸ್ತಕದಲ್ಲಿ ಅದರ ಹೆಸರೇ ಇರುವುದಿಲ್ಲ. ಕುಟುಂಬವು ದುಡಿಯಲು ವಲಸೆ ಹೋದಾಗ ಹೀಗಾಗುವುದುಂಟು. ಆದ್ದರಿಂದ ಪ್ರಾಥಮಿಕ ಶಾಲೆಯ ಮುಖ್ಯ ಶಿಕ್ಷಕರು ಏಳನೆಯ ತರಗತಿ ಮುಗಿಸಿದವರ ಪಟ್ಟಿಯನ್ನು ಪ್ರೌಢಶಾಲೆಗೆ ಕಳುಹಿಸಿ, ಜೂನ್ ತಿಂಗಳಲ್ಲಿ ಎರಡೂ ಶಾಲೆಯವರು ಹೆಸರುಗಳನ್ನು ತಾಳೆ ನೋಡಬೇಕಾಗುತ್ತದೆ. ಉಳಿದ ಹೆಸರುಗಳ ಮನೆಗೆ ಹಳೆಯ ಶಿಕ್ಷಕರೇ ಹೋಗುವುದು ಹೆಚ್ಚು ಫಲಕಾರಿ, ಏಕೆಂದರೆ ಆ ಮನೆಯ ಬಾಗಿಲು ಅವರಿಗೆ ಪರಿಚಿತವಾಗಿರುತ್ತದೆ.