ಸರ್ಪ್ಲಸ್ಸಾ, ಸೆಕೆಂಡ್ಸಾ? ಗಾರ್ಮೆಂಟ್ಸ್ ಬಟ್ಟೆ ಪೇಟೆಗೆ ಬಂದ ಕತೆ

ಬೆಂಗಳೂರು ಚಿಕ್ಕಪೇಟೆ ಗಲ್ಲಿಗಳಲ್ಲೋ, ಮೈಸೂರಲ್ಲೋ ‘ಎಕ್ಸ್‌ಪೋರ್ಟ್ ಸರ್ಪ್ಲಸ್’ ಅಂತ ಬೋರ್ಡ್ ಹಾಕಿರೋ ಅಂಗಡಿಗೆ ಹೋದ್ರೆ ಒಂದೇ ರಾಶಿಲಿ ಮೂರು ತರದ ಬಟ್ಟೆ ಬಿದ್ದಿರ್ತವೆ. ಒಂದು, ಹೊರದೇಶಕ್ಕೆ ಹೊಲಿದು ಮಿಕ್ಕಿದ ಚೆನ್ನಾಗಿರೋ ಬಟ್ಟೆ. ಇನ್ನೊಂದು, ಚೆಕಿಂಗ್‌ನಲ್ಲಿ ತೆಗೆದುಹಾಕಿದ ಸೆಕೆಂಡ್ಸು. ಮೂರನೇದು, ಯಾವುದೋ ಸಂದಿಲಿ ಹೊಲಿದು ದೊಡ್ಡ ಹೆಸರು ಅಂಟಿಸಿದ ನಕಲಿ. ಇವನ್ನ ಬೇರೆ ಮಾಡೋದು ಗೊತ್ತಾಗ್ಬೇಕಾದ್ರೆ ಈ ರಾಶಿ ಎಲ್ಲಿಂದ ಬಂತು ಅನ್ನೋ ಚರಿತ್ರೆ ಮೊದಲು ತಿಳಿಬೇಕು ಕಣ್ರವ್ವ.

1974ರಲ್ಲಿ ಅಮೆರಿಕ, ಯೂರೋಪಿನ ದೇಶಗಳು ಸೇರಿ ಒಂದು ಒಪ್ಪಂದ ಮಾಡ್ಕಂಡ್ವು. ಮಲ್ಟಿ ಫೈಬರ್ ಅರೇಂಜ್‌ಮೆಂಟ್ ಅಂತ ಅದರ ಹೆಸರು. ಬಡದೇಶಗಳಿಂದ ಅಗ್ಗದ ಬಟ್ಟೆ ಬಂದು ತಮ್ಮ ಕಾರ್ಖಾನೆ ಮುಳುಗ್ತವೆ ಅಂತ, ಯಾವ ದೇಶ ಯಾವ ತರದ ಬಟ್ಟೆನ ವರ್ಷಕ್ಕೆ ಎಷ್ಟು ಕಳಿಸಬೋದು ಅಂತ ಕೋಟಾ ಕಟ್ಟಿದ್ರು. ನಮ್ಮ ಮಾಕವಳ್ಳಿ ಕಡೆಯವ್ರಿಗೆ ಇದು ಬೇಗ ಅರ್ಥ ಆಯ್ತದೆ. ಗದ್ದೇಲಿ ಕಬ್ಬು ಎಷ್ಟೇ ಬೆಳೆದು ನಿಂತಿದ್ರೂ ಕಾರ್ಖಾನೆಯಿಂದ ಪರ್ಮಿಟ್ಟು ಬರೋಗಂಟ ಕಡಿಯೋ ಹಂಗಿಲ್ವಲ್ಲ, ಹಂಗೆ. ಬೆಂಗಳೂರಲ್ಲಿ ಗಾರ್ಮೆಂಟ್ಸ್ ಬೆಳೆದಿದ್ದು ಈ ಕೋಟಾ ಕಾಲದಲ್ಲೇ. ಗೋಕಲ್‌ದಾಸ್ ಎಕ್ಸ್‌ಪೋರ್ಟ್ಸ್ ಶುರುವಾಗಿದ್ದು 1979ರಲ್ಲಿ. ಕೋಟಾ ಮುಗಿದೋದ್ಮೇಲೆ, ಇಲ್ಲಾಂದ್ರೆ ಹಡಗಿನ ದಿನ ತಪ್ಪಿಹೋದ್ಮೇಲೆ, ಹೊಲಿದಿಟ್ಟ ಬಟ್ಟೆ ಗೋಡೌನಲ್ಲೇ ಉಳಿಯೋದು. ಅದನ್ನ ಕೊಂಡು ಮೂಟೆ ಕಟ್ಟಿ ಪೇಟೆಗೆ ಹಾಕೋ ವ್ಯಾಪಾರಿಗಳು ಹುಟ್ಕಂಡ್ರು.

2005ರ ಜನವರಿ 1ಕ್ಕೆ ಕೋಟಾ ಪೂರ್ತಿ ಹೋಯ್ತು. ಆದ್ರೂ ಪೇಟೇಲಿ ಸರ್ಪ್ಲಸ್ಸು ನಿಲ್ಲಲಿಲ್ಲ. ಯಾಕಂದ್ರೆ ಮಿಕ್ಕೋದಕ್ಕೆ ಕೋಟಾ ಒಂದೇ ಕಾರಣ ಅಲ್ಲ.

ಭತ್ತದ ಒಟ್ಲು ಹಾಕುವಾಗ ಬೇಕಾದ್ದಕ್ಕಿಂತ ಒಂದಿಷ್ಟು ಪೈರು ಜಾಸ್ತಿ ಬಿಟ್ಕೋತೀವಲ್ಲ, ಗಾರ್ಮೆಂಟ್ಸಲ್ಲೂ ಹಂಗೇ ಮಾಡ್ತಾರೆ. ಲೆಕ್ಕಕ್ಕೆ 3000 ಶರ್ಟಿನ ಆರ್ಡರ್ ಅಂತ ಇಟ್ಕಳಿ. ಕೆಲವು ಕೆಡ್ತವೆ ಅಂತ ನೂರಕ್ಕೆ ಮೂರು ಜಾಸ್ತಿ ಸೇರಿಸಿ 3090 ಕತ್ತರಿಸ್ತಾರೆ. ಅದರಲ್ಲಿ 40 ಕೆಟ್ವು ಅನ್ನಿ. 3000 ಹಡಗು ಹತ್ತಿದ್ವು. ಉಳಿದಿದ್ದು 90. ಅದರಲ್ಲಿ 50 ಒಳ್ಳೇವು, ಇವೇ ಅಸಲಿ ಸರ್ಪ್ಲಸ್. 40 ಸೆಕೆಂಡ್ಸು. ವ್ಯಾಪಾರಿ ಎರಡನ್ನೂ ತೂಕಕ್ಕೋ ಲಾಟಿಗೋ ಒಂದೇ ಮೂಟೇಲಿ ತಗೊಂಡ್ರೆ, ಅಂಗಡಿ ರಾಶೀಲಿ ಬೇರೆ ಮಾಡೋ ಕೆಲ್ಸ ನಮ್ಮ ತಲೆ ಮೇಲೆ ಬೀಳ್ತದೆ.

ಇನ್ನೊಂದು ದಾರಿನೂ ಐತೆ. ಅನ್ನ ಬೆಂದದಾ ಅಂತ ಒಂದೆರಡು ಅಗುಳು ಹಿಚುಕಿ ನೋಡ್ತೀವಲ್ಲ, ಬೈಯರ್ ಕಡೆಯವ್ರು ಲಾಟನ್ನ ನೋಡೋದೂ ಹಂಗೇ. ಜಾಸ್ತಿ ನಡೆಯೋ ಲೆಕ್ಕ ಎಂಗೆ ಅಂದ್ರೆ, 3000 ಪೀಸಿಂದ 125 ಎತ್ಕಂಡು ನೋಡ್ತಾರೆ. ಏಳು ದೊಡ್ಡ ತಪ್ಪಿನಗಂಟ ಪಾಸು, ಎಂಟು ಸಿಕ್ರೆ ಇಡೀ ಲಾಟು ಫೇಲು. 125ರಲ್ಲಿ ಎಂಟು ಕೆಟ್ಟಿದ್ರೂ 117 ಚೆನ್ನಾಗೇ ಅವೆ ನೋಡಿ! ಕಾರ್ಖಾನೆಯವ್ರು ಮತ್ತೆ ಎಲ್ಲಾ ಚೆಕ್ ಮಾಡಿ, ಕೆಟ್ಟಿದ್ದು ತೆಗೆದು ಕಳಿಸೋಕೆ ನೋಡ್ತಾರೆ. ಅಷ್ಟರಲ್ಲಿ ದಿನ ಮೀರಿ ಬೈಯರ್ ಬ್ಯಾಡ ಅಂದ್ರೆ ಸಾವಿರಾರು ಒಳ್ಳೇ ಶರ್ಟು ಪೇಟೆಗೆ ಬರ್ತವೆ. ಅದಕ್ಕೇ ‘ರಿಜೆಕ್ಟ್ ಆದ ಲಾಟು’ ಅಂದ ತಕ್ಷಣ ಮೂಗು ಮುರಿಯೋ ಹಂಗಿಲ್ಲ, ‘ಸರ್ಪ್ಲಸ್’ ಅಂದ ತಕ್ಷಣ ನಂಬೋ ಹಂಗೂ ಇಲ್ಲ. ಒಂದೊಂದು ಪೀಸನ್ನೂ ಕೈಲಿ ಹಿಡಿದು ನೋಡ್ಬೇಕು.

ಮೊದಲು ಅಸಲಿನಾ ಅಂತ ನೋಡ್ಕಳಿ. ಎಷ್ಟೋ ಬ್ರ್ಯಾಂಡಿನವ್ರು ಮಿಕ್ಕಿದ್ದನ್ನ ಇಲ್ಲಿ ಮಾರೋದಾದ್ರೆ ಕತ್ತಿನ ಲೇಬಲ್ ಕತ್ತರಿಸಿ, ಇಲ್ಲಾ ಅದರ ಮೇಲೆ ಮಾರ್ಕರಲ್ಲಿ ಗೀಚಿ ಮಾರಿ ಅಂತಾರೆ. ಹಂಗಾಗಿ ಅರ್ಧ ಕತ್ತರಿಸಿದ ಲೇಬಲ್ ಕೆಟ್ಟ ಗುರುತಲ್ಲ, ಒಳ್ಳೇದೇ. ಪಕ್ಕದ ಹೊಲಿಗೆ ಒಳಗೆ ಸಣ್ಣ ಪಟ್ಟಿ ಹೊಲಿದಿರ್ತಾರೆ. ಒಗೆಯೋ ರೀತಿ, ನೂಲಿನ ಪಾಲು, ಸ್ಟೈಲ್ ನಂಬರು, ನಾಕೈದು ಭಾಷೆ ಅದರಲ್ಲಿ ಇರ್ತವೆ. ಕತ್ತಿನ ಲೇಬಲ್ ಹೋಗಿದ್ರೂ ಇದು ಎಷ್ಟೋ ಸಲ ಉಳಿದಿರ್ತದೆ. ನಕಲಿಯವ್ರು ಕತ್ತಿನ ಹೆಸರನ್ನ ಫಳಫಳ ಅನ್ನಿಸ್ತಾರೆ, ಒಳಪಟ್ಟಿಗೆ ಅಷ್ಟು ತಲೆ ಕೆಡಿಸ್ಕಳಲ್ಲ. ಹೊರದೇಶಕ್ಕೆ ಅಂತ ಹೊಲಿದಿದ್ದಕ್ಕೆ ರೂಪಾಯಿ ಎಂಆರ್‌ಪಿ ಚೀಟಿ ಅಚ್ಚಾಗಿರಲ್ಲ. ‘ಎಕ್ಸ್‌ಪೋರ್ಟು’ ಅಂತ ಹೇಳಿ 1999 ರೂಪಾಯಿ ಚೀಟಿ ತೋರಿಸಿದ್ರೆ ಅನುಮಾನ ಪಡಿ. ಮಿಕ್ಕಿದ ಮಾಲಲ್ಲಿ ಸೈಜು ಹರಿದುಹಂಚಿ ಹೋಗಿರ್ತವೆ, ನಂಗೆ ಬೇಕಾದ್ದು ಇದ್ರೆ ನಿಮ್ಗೆ ಬೇಕಾದ್ದು ಇರಲ್ಲ. ಒಂದೇ ಡಿಸೈನು ಎಲ್ಲಾ ಸೈಜಲ್ಲೂ ವರ್ಷಪೂರ್ತಿ ಸಿಕ್ತಿದ್ರೆ ಅದು ಮಿಕ್ಕಿದ್ದಲ್ಲ, ಮಾಡಿಸ್ತಿರೋದು.

ಆಮೇಲೆ ಸೆಕೆಂಡ್ಸಾ ಅಂತ. ನಮ್ಮ ಕಡೆಯಿಂದ ಗಾರ್ಮೆಂಟ್ಸಿಗೆ ಹೋಗ್ತಿದ್ದ ಒಬ್ಬ ಹೆಣ್ಮಗಳು ಚೆಕಿಂಗ್ ಟೇಬಲ್ಲಲ್ಲಿ ಇದ್ದೋಳು. ಅವಳ ಹತ್ರ ಕಲಿತ ಕ್ರಮ ಇದು. ಅಂಗಡಿ ಟ್ಯೂಬ್‌ಲೈಟಿಂದ ಈಚೆಗೆ, ಬಿಸಿಲ ಬೆಳಕಿಗೆ ತರಬೇಕು. ತೋಳನ್ನ ಮೈ ಭಾಗದ ಪಕ್ಕ ಇಟ್ಟು ಬಣ್ಣ ನೋಡ್ಬೇಕು. ಬಟ್ಟೆ ಒಂದು ಸುರುಳಿಯಿಂದ ಇನ್ನೊಂದಕ್ಕೆ ಬಣ್ಣದಲ್ಲಿ ಕೂದಲೆಳೆ ವ್ಯತ್ಯಾಸ ಇರ್ತದೆ. ಒಂದೇ ಪದರದ ತುಂಡುಗಳೇ ಸೇರಲಿ ಅಂತ ತುಂಡುಗಳಿಗೆ ನಂಬರ್ ಚೀಟಿ ಅಂಟಿಸ್ತಾರೆ. ಅದು ಅದಲುಬದಲಾದ್ರೆ ತೋಳು ಒಂದು ಬಣ್ಣ, ಎದೆ ಒಂದು ಬಣ್ಣ. ಇದು ಯಾವತ್ತೂ ಸರಿಹೋಗಲ್ಲ. ಆಮೇಲೆ ಬೆಳಕಿಗೆ ಅಡ್ಡ ಹಿಡಿದ್ರೆ ಸೂಜಿ ತೂತು, ಎಳೆ ತಪ್ಪಿದ ಜಾಗ ಕಾಣ್ತದೆ. ಶರ್ಟಲ್ಲಿ ಎಳೆ ತಪ್ಪಿದ್ರೆ ಸಹಿಸ್ಕಬೋದು, ಟೀಶರ್ಟಲ್ಲಿ ತೂತಿದ್ರೆ ಬ್ಯಾಡ. ಅದು ಹೆಣೆದ ಬಟ್ಟೆ, ಕುಣಿಕೆ ಬಿಟ್ರೆ ಹರ್ಕಂಡೇ ಹೋಗ್ತದೆ. ಟೀಶರ್ಟಿನ ಎರಡು ಭುಜ ಹಿಡಿದು ನೇತಾಕಿ. ಪಕ್ಕದ ಹೊಲಿಗೆ ಹೊಟ್ಟೆ ಕಡೆಗೆ ತಿರುಗಿದ್ರೆ ಒಗೆದಷ್ಟೂ ತಿರುಚ್ಕಳದು ಜಾಸ್ತಿನೇ. ಕೊನೆಗೆ ಟೇಪು ಹಿಡಿದು ಎರಡು ತೋಳು ಅಳೀಬೇಕು, ಲೇಬಲ್ ಸೈಜನ್ನ ನಂಬಬಾರದು.

ಹೊಲಿಗೆ ಬಿಚ್ಚಿದ್ದು, ಗುಂಡಿ ಇಲ್ಲದ್ದು, ಕಾಜದ ದಾರ ಎದ್ದಿದ್ದು ಮನೇಲೇ ಹತ್ತು ನಿಮಿಷದ ಕೆಲ್ಸ. ಅಂಥ ಸೆಕೆಂಡ್ಸು ಲಾಭ. ಮೆಷಿನ್ ಎಣ್ಣೆ ಕಲೆ ಹೋದ್ರೆ ಹೋಯ್ತು, ಇಲ್ಲಾಂದ್ರೆ ಇಲ್ಲ, ಅದನ್ನ ಮನೆ ಉಡುಪಿನ ಬೆಲೆಗೆ ಮಾತ್ರ ತಗಬೇಕು. ನನ್ನ ಲೆಕ್ಕದಲ್ಲಿ ಅದೇ ಶರ್ಟು ಸರ್ಪ್ಲಸ್ ಆಗಿ 400 ಆದ್ರೆ, ಸೆಕೆಂಡ್ಸಾಗಿ 200ರ ಮೇಲೆ ಹೋಗಬಾರದು.

ಅಗ್ಗಕ್ಕೆ ಸಿಕ್ತು ಅಂತ ಹಿಗ್ಗೋ ಮುಂಚೆ ಇದೂ ನೆನಪಿರಲಿ. ಆರ್ಡರ್ ನಿಂತೋದ್ರೆ ಪೇಟೇಲಿ ರಾಶಿ ಬೀಳೋದು ಒಂದು ಕಡೆ, ಕೂಲಿ ಹೋಗೋದು ಇನ್ನೊಂದು ಕಡೆ. 2020ರ ಜೂನಲ್ಲಿ, ಕೊರೊನಾ ಕಾಲ, ಆರ್ಡರ್ ಇಲ್ಲ ಅಂತ ಶ್ರೀರಂಗಪಟ್ಟಣದ ಗೋಕಲ್‌ದಾಸ್ ಘಟಕ ನಿಂತು ಸಾವಿರಕ್ಕೂ ಮೇಲ್ಪಟ್ಟ ಜನದ ಕೆಲ್ಸ ಹೋಯ್ತು. ಬಹುಪಾಲು ಹೆಣ್ಮಕ್ಕಳೇ, ಗೇಟ್ ಮುಂದೆ ಎಷ್ಟೋ ದಿನ ಕೂತಿದ್ರು. ಬೈಯರ್ ಬ್ಯಾಡ ಅಂದ ಒಂದು ಲಾಟಿನ ಹಿಂದೆ ಅಂಥ ಕೈಗಳು ಇರ್ತವೆ. ಒಳಪಟ್ಟಿಲಿ ಅವರ ಹೆಸರು ಇರಲ್ಲ, ಅಷ್ಟೇ.